ಹೊಸ ಫೋನಿನಲ್ಲಿ ಆಟ ಮೊದಲಿನಿಂದ ಶುರುವಾದರೆ: ಅಕೌಂಟ್ ಲಿಂಕ್ ಮತ್ತು ಕ್ಲೌಡ್ ಸೇವ್ ದೋಷ ಪತ್ತೆ ಮಾಡುವ ಕ್ರಮ

ಹೊಸ ಫೋನಿನಲ್ಲಿ ಆಟವನ್ನು ಡೌನ್‌ಲೋಡ್ ಮಾಡಿ ತೆರೆದಾಗ, ಹಲವು ತಿಂಗಳು ಆಡಿ ಕಟ್ಟಿದ್ದ ಊರಾಗಲಿ, ಗಳಿಸಿದ್ದ ಆಯುಧಗಳಾಗಲಿ, ಕೂಡಿಟ್ಟಿದ್ದ ಜೆಮ್ಸ್ ಆಗಲಿ ಕಾಣದೆ, ಎಲ್ಲಿ ಒತ್ತಬೇಕೆಂದು ಬಾಣದ ಗುರುತಿನಲ್ಲಿ ಹೇಳಿಕೊಡುವ ಆರಂಭದ ಪಾಠ ಮೂಡುವುದು ಈ ದೋಷದ ಲಕ್ಷಣ. ಇದನ್ನು ಕಂಡ ಕೂಡಲೇ ಎಲ್ಲವೂ ಅಳಿಸಿಹೋಯಿತೆಂದು ತೀರ್ಮಾನಿಸುವ ಅಗತ್ಯವಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಹಳೆಯ ಪ್ರಗತಿ ಇದ್ದ ಜಾಗದಲ್ಲೇ ಇರುತ್ತದೆ. ಹೊಸ ಫೋನು ಮಾತ್ರ ಬೇರೊಂದು ಖಾತೆಯ ಹೆಸರಿನಲ್ಲಿ ಆಟದೊಳಗೆ ಹೋಗಿರುತ್ತದೆ. ನಿಜವಾದ ನಷ್ಟ ಆಗುವುದು ಆ ನಂತರ, ಗಾಬರಿಯಲ್ಲಿ ಒತ್ತುವ ಒಂದೆರಡು ಗುಂಡಿಗಳಿಂದ.

ಆದ್ದರಿಂದ ಕಾರಣ ತಿಳಿಯುವವರೆಗೆ ಹೊಸ ಫೋನಿನಲ್ಲಿ ಆಟವನ್ನು ಮುಂದುವರಿಸಬಾರದು ಮತ್ತು "Link Account" ಎಂಬ ಗುಂಡಿಯನ್ನು ಮುಟ್ಟಬಾರದು. ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡುವುದು, ರೀಸೆಟ್ ಮಾಡುವುದು, ಅದರಲ್ಲಿರುವ ಆಟವನ್ನು ಅನ್‌ಇನ್‌ಸ್ಟಾಲ್ ಮಾಡುವುದು ಇವೆಲ್ಲವನ್ನೂ ಮುಂದೂಡಬೇಕು. ಆಟ ಸಿಕ್ಕಿಹಾಕಿಕೊಂಡಂತೆ ಕಂಡರೂ ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ "Clear cache" ಒತ್ತುವುದಷ್ಟಕ್ಕೇ ನಿಲ್ಲಬೇಕು. ಅದರ ಪಕ್ಕದಲ್ಲೇ ಇರುವ "Clear storage" ಅಥವಾ "Clear data" ಒತ್ತಿದರೆ ಅನ್‌ಇನ್‌ಸ್ಟಾಲ್ ಮಾಡಿದಷ್ಟೇ ಪರಿಣಾಮವಾಗುತ್ತದೆ, ಅಂದರೆ ಫೋನಿನೊಳಗೆ ಆ ಆಟ ಬರೆದಿಟ್ಟುಕೊಂಡಿದ್ದೆಲ್ಲ ಹೋಗುತ್ತದೆ.

ಪ್ರಗತಿ ಎಲ್ಲಿ ಕೂತಿದೆ ಎಂಬುದನ್ನು ಮೊದಲು ತಿಳಿಯಬೇಕು

ಆಂಡ್ರಾಯ್ಡ್ ಫೋನಿನಲ್ಲಿ ಆಟದ ಪ್ರಗತಿ ಮೂರು ಕಡೆಗಳಲ್ಲಿ ಯಾವುದಾದರೂ ಒಂದರಲ್ಲಿ ಇರಬಹುದು. ಕೆಲವು ಆಟಗಳು ಎಲ್ಲವನ್ನೂ ಫೋನಿನೊಳಗಿನ ಕಡತದಲ್ಲೇ ಇಟ್ಟುಕೊಳ್ಳುತ್ತವೆ. ಕೆಲವು ಆ ಕಡತದ ಪ್ರತಿಯನ್ನು ಗೂಗಲ್ ಪ್ಲೇ ಗೇಮ್ಸ್ ಮೂಲಕ ಆಟಗಾರನ ಗೂಗಲ್ ಖಾತೆಗೆ ಕಳಿಸುತ್ತವೆ. ಇದನ್ನೇ ಸಾಮಾನ್ಯವಾಗಿ ಕ್ಲೌಡ್ ಸೇವ್ ಎನ್ನುವುದು. ಇನ್ನು ಹಲವರು ಒಟ್ಟಿಗೆ ಆಡುವ ಆಟಗಳಲ್ಲಿ ಪ್ರಗತಿಯೆಲ್ಲ ಆಟದ ಕಂಪನಿಯ ಸರ್ವರ್‌ನಲ್ಲಿರುತ್ತದೆ, ಫೋನಿನಲ್ಲಿ ಇರುವುದು ಆ ಖಾತೆಯನ್ನು ತೆರೆಯುವ ಗುರುತು ಮಾತ್ರ.

ಇವುಗಳಲ್ಲಿ ಯಾವುದೆಂದು ಹಳೆಯ ಫೋನಿನಲ್ಲಿ ಸುಲಭವಾಗಿ ಪರೀಕ್ಷಿಸಬಹುದು. ಆಟವನ್ನು ಪೂರ್ತಿ ಮುಚ್ಚಿ, ವೈಫೈ ಮತ್ತು ಡೇಟಾ ಎರಡನ್ನೂ ಆಫ್ ಮಾಡಿ, ಮತ್ತೆ ತೆರೆಯಬೇಕು. ನೆಟ್ ಇಲ್ಲವೆಂದು ಹೇಳಿ ಆಟ ಒಳಗೇ ಬಿಡದಿದ್ದರೆ ಪ್ರಗತಿ ಸರ್ವರ್‌ನಲ್ಲಿದೆ. ಎಂದಿನಂತೆ ತೆರೆದು ಆಡಲು ಬಿಟ್ಟರೆ ಫೋನಿನಲ್ಲೇ ಒಂದು ಪ್ರತಿ ಇದೆ ಎಂದರ್ಥ. ಅದರ ಜೊತೆಗೆ ಕ್ಲೌಡ್ ಪ್ರತಿಯೂ ಇದೆಯೇ ಎಂಬುದನ್ನು ಆಟದ ಸೆಟ್ಟಿಂಗ್ಸ್‌ನಲ್ಲಿ ನೋಡಬೇಕಾಗುತ್ತದೆ.

ಸರ್ವರ್ ಆಧಾರಿತ ಆಟದಲ್ಲಿ ಹೆಚ್ಚು ಜನ ಎಡವುವುದು "Guest" ಆಗಿ ಆಡಿದಾಗ. ಗೆಸ್ಟ್ ಆಗಿ ಶುರುಮಾಡಿದಾಗಲೂ ಕಂಪನಿಯ ಸರ್ವರ್‌ನಲ್ಲಿ ಒಂದು ಖಾತೆ ಹುಟ್ಟುತ್ತದೆ, ಆದರೆ ಅದಕ್ಕೆ ಮಿಂಚಂಚೆಯಾಗಲಿ, ಫೋನ್ ನಂಬರಾಗಲಿ, ಗೂಗಲ್ ಖಾತೆಯಾಗಲಿ ಅಂಟಿರುವುದಿಲ್ಲ. ಖಾತೆಯ ಗುರುತು ಆ ಒಂದು ಫೋನಿನ ಆ ಒಂದು ಇನ್‌ಸ್ಟಾಲ್‌ನಲ್ಲಿ ಮಾತ್ರ ಬರೆದಿರುತ್ತದೆ. ಬ್ಯಾಂಕ್ ಲಾಕರ್‌ನಲ್ಲಿ ಒಡವೆ ಭದ್ರವಾಗಿದ್ದು ಕೀಲಿಕೈ ಕಳೆದುಹೋದಂತೆ, ಆಟವನ್ನು ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಲೆವೆಲ್, ಜೆಮ್ಸ್ ಎಲ್ಲ ಸರ್ವರ್‌ನಲ್ಲಿ ಹಾಗೇ ಇರುತ್ತವೆ, ಆದರೆ ಅವು ನಿಮ್ಮವೆಂದು ಹೇಳುವ ಗುರುತು ಇರುವುದಿಲ್ಲ. ಗೆಸ್ಟ್ ಖಾತೆಯನ್ನು ಲಿಂಕ್ ಮಾಡುವ ಕೆಲಸ ಹಳೆಯ ಫೋನಿನಲ್ಲಿ, ಹಳೆಯ ಇನ್‌ಸ್ಟಾಲ್‌ನಲ್ಲಿ ಮಾತ್ರ ಸಾಧ್ಯವಾಗುವುದು ಇದೇ ಕಾರಣಕ್ಕೆ.

ಫೋನಿನ ಬ್ಯಾಕಪ್ ಇದೆಯಲ್ಲ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ. ಆಂಡ್ರಾಯ್ಡ್‌ನ ಸ್ವಯಂ ಬ್ಯಾಕಪ್ ಒಂದೊಂದು ಆ್ಯಪ್‌ಗೂ 25 ಎಂಬಿಯವರೆಗೆ ಮಾತ್ರ ಜಾಗ ಕೊಡುತ್ತದೆ. ಹಿಂದಿನ ಬ್ಯಾಕಪ್ ಆಗಿ 24 ಗಂಟೆ ಕಳೆದ ಮೇಲೆ, ಫೋನು ಬಳಕೆಯಲ್ಲಿಲ್ಲದೆ ವೈಫೈಗೆ ಸೇರಿರುವಾಗ ಅದು ನಡೆಯುತ್ತದೆ. ಮನೆಯಲ್ಲಿ ವೈಫೈ ಇಲ್ಲದೆ ಮೊಬೈಲ್ ಡೇಟಾದಲ್ಲೇ ಕಾಲ ಕಳೆಯುವವರಲ್ಲಿ ಈ ಬ್ಯಾಕಪ್ ಬಹಳ ಹಿಂದಿನದಾಗಿರಬಹುದು. ಅಲ್ಲದೆ ಆಟ ತಯಾರಿಸಿದವರು ತಮ್ಮ ಆ್ಯಪ್‌ಗೆ ಬ್ಯಾಕಪ್ ಬೇಡವೆಂದು ನಿಲ್ಲಿಸಿರಲೂಬಹುದು. ಹೊಸ ಫೋನಿನಲ್ಲಿ ಆಟ ಬಂದಿದ್ದರೂ ಕೆಲವು ದಿನಗಳ ಹಿಂದಿನ ಸ್ಥಿತಿಯಲ್ಲಿದ್ದರೆ, ಅದು ಬಂದಿರುವುದು ಕ್ಲೌಡ್ ಸೇವ್‌ನಿಂದಲ್ಲ, ಈ ಬ್ಯಾಕಪ್‌ನಿಂದ ಇರಬಹುದೆಂದು ಶಂಕಿಸಬೇಕು.

ಯಾವ ಖಾತೆ?

ನಮ್ಮ ಕಡೆಯ ಮನೆಗಳಲ್ಲಿ ಒಂದು ಫೋನು ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇರುತ್ತದೆ. ಅಂಗಡಿಯಲ್ಲಿ ಕೊಂಡ ದಿನ ಅಲ್ಲಿನ ಹುಡುಗ ಅಪ್ಪನ ಹೆಸರಿನಲ್ಲಿ ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಆಮೇಲೆ ಆನ್‌ಲೈನ್ ಪಾಠಕ್ಕೆಂದು ಮಗಳ ಖಾತೆ ಸೇರುತ್ತದೆ, ಕೊನೆಗೆ ಮಗನದು. ಆಟ ಇವುಗಳಲ್ಲಿ ಯಾವುದಕ್ಕೆ ಅಂಟಿಕೊಂಡಿದೆ ಎಂದು ಕೇಳಿದರೆ ಆಡುವವರಿಗೇ ಗೊತ್ತಿರುವುದಿಲ್ಲ. ನಾನು ನೋಡಿದ ಪ್ರಸಂಗಗಳಲ್ಲಿ ಹೆಚ್ಚಿನವುಗಳ ಮೂಲ ಇದೇ. ಕೆಳಗಿನ ಪ್ರಸಂಗವೂ ಅಂಥದ್ದು. ಅದರಲ್ಲಿ ಒಂದೇ ಸಲಕ್ಕೆ ಮೂರು ತೊಡಕು ಸೇರಿದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಹೊಸ ಫೋನು ಬಂತು. ಅವನು ಆಡುತ್ತಿದ್ದುದು ಕೋಟೆ ಕಟ್ಟಿ ಕಾಪಾಡುವ, ಸರ್ವರ್ ಆಧಾರಿತ ಆಟ. ಹಳೆಯ ಫೋನಿನಲ್ಲಿ ಅವನ ಕೋಟೆ 11ನೆಯ ಲೆವೆಲ್ ತಲುಪಿ, 2,340 ಜೆಮ್ಸ್ ಕೂಡಿತ್ತು. ಅಂಗಡಿಯಲ್ಲಿ ಹೊಸ ಫೋನಿಗೆ ಅವನ ಸ್ವಂತ ಜಿಮೇಲ್ ಹಾಕಿಕೊಟ್ಟರು. ಮನೆಗೆ ಬಂದು ಆಟ ತೆರೆದಾಗ ಆರಂಭದ ಪಾಠ ಬಂತು. ಮುಂದೆ ಹೋದರೆ ತನ್ನ ಕೋಟೆ ಸಿಕ್ಕೀತೆಂದು ಆಡುತ್ತಾ ಹೋಗಿ 3ನೆಯ ಲೆವೆಲ್ ಮುಟ್ಟಿದ. ಅಲ್ಲಿ ಪ್ರಗತಿಯನ್ನು ಕಾಪಾಡಿಕೊಳ್ಳಿ ಎಂಬ ಸೂಚನೆ ಬಂದಾಗ ಗೂಗಲ್ ಪ್ಲೇ ಗೇಮ್ಸ್‌ಗೆ ಲಿಂಕ್ ಕೂಡ ಮಾಡಿಬಿಟ್ಟ. ಆಮೇಲೆ ನನಗೆ ಫೋನ್ ಮಾಡಿದ.

"ಮಾವ, ಎಲ್ಲಾ ಹೋಯ್ತು ಮಾವ, ಮೂರನೇ ಲೆವೆಲ್ ತೋರಿಸ್ತಾ ಐತೆ."

"ಹಳೇ ಫೋನ್ ಎಲ್ಲೈತಪ್ಪ?"

"ಮೈಸೂರಲ್ಲಿ ಅಕ್ಕನ ಹತ್ರ ಐತೆ. ನಾಳೆ ಎಕ್ಸ್‌ಚೇಂಜ್‌ಗೆ ಕೊಡ್ತೀನಿ ಅಂದವ್ಳೆ."

"ಕೊಡಬೇಡ ಅನ್ನು. ಆಟ ಡಿಲೀಟ್ ಮಾಡೋದೂ ಬೇಡ, ಸ್ವಿಚ್ ಆಫ್ ಮಾಡಿ ಇಟ್ಟಿರ್ಲಿ."

ಹಳೆಯ ಫೋನು ಕೈಗೆ ಬಂದ ಮೇಲೆ ಮೊದಲು ಮಾಡಿದ್ದು ಅದರಲ್ಲಿ ಆಟವನ್ನು ತೆರೆದು ನೋಡುವುದು. ಪ್ಲೇ ಗೇಮ್ಸ್‌ಗೆ ಅಂಟಿರುವ ಆಟಗಳು ತೆರೆದುಕೊಳ್ಳುವಾಗ ಪರದೆಯ ಮೇಲ್ಭಾಗದಲ್ಲಿ ಚಿಕ್ಕ ಚಿತ್ರವೂ ಆಟಗಾರನ ಹೆಸರೂ ಇರುವ ಒಂದು ಪಟ್ಟಿ ಇಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆ ಸರಿದುಹೋಗುತ್ತದೆ. ಹೆಚ್ಚಿನವರು ಇದನ್ನು ಜಾಹೀರಾತೆಂದು ಬಗೆದು ಓದುವುದೇ ಇಲ್ಲ. ಹಳೆಯ ಫೋನಿನ ಪಟ್ಟಿಯಲ್ಲಿದ್ದ ಹೆಸರೂ ಹೊಸ ಫೋನಿನದೂ ಬೇರೆಬೇರೆಯಾಗಿದ್ದವು. ಪ್ಲೇ ಗೇಮ್ಸ್ ಆ್ಯಪ್‌ನಲ್ಲಿ ಮೇಲಿನ ಮೂಲೆಯ ಚಿತ್ರ ಒತ್ತಿ ಒಂದೊಂದೇ ಖಾತೆಗೆ ಬದಲಾಯಿಸಿ ನೋಡಿದಾಗ, ಹಳೆಯ ಹೆಸರು ನಮ್ಮ ಭಾವನ ಜಿಮೇಲ್‌ಗೆ ಸೇರಿದ್ದೆಂದು ತಿಳಿಯಿತು. ಅಂದರೆ ಹುಡುಗನ ಕೋಟೆ ಅಷ್ಟು ಕಾಲವೂ ಅಪ್ಪನ ಖಾತೆಯಲ್ಲಿತ್ತು. ಹೊಸ ಫೋನಿನಲ್ಲಿ ಆ ಖಾತೆ ಇಲ್ಲದಿದ್ದುದರಿಂದ ಆಟ ಅವನನ್ನು ಹೊಸಬನೆಂದು ತಿಳಿದಿತ್ತು. ಒಂದಕ್ಕಿಂತ ಹೆಚ್ಚು ಫೋನು ದಾಟಿದ ಮನೆಗಳಲ್ಲಿ ಈ ಪಟ್ಟಿಯ ಹೆಸರನ್ನು ಎರಡು ಫೋನುಗಳಲ್ಲೂ ಓದಿ ಹೋಲಿಸುವುದು ಉಳಿದೆಲ್ಲ ಪರೀಕ್ಷೆಗಿಂತ ಮೊದಲು ಆಗಬೇಕು.

ಮುಂದಿನ ಹೆಜ್ಜೆ ಗುರುತುಗಳನ್ನು ಬರೆದಿಡುವುದು. ಆಟದ ಸೆಟ್ಟಿಂಗ್ಸ್‌ನಲ್ಲಿ ಅಥವಾ ಆಟಗಾರನ ಪರಿಚಯ ಪುಟದಲ್ಲಿ "Player ID" ಅಥವಾ "UID" ಎಂಬ ಅಂಕಿ ಇರುತ್ತದೆ. ಆಟದೊಳಗಿನ ಹೆಸರನ್ನು ಬದಲಾಯಿಸಬಹುದು, ಈ ಅಂಕಿ ಬದಲಾಗುವುದಿಲ್ಲ. ಅದನ್ನೂ ಲೆವೆಲ್, ಜೆಮ್ಸ್ ಎಷ್ಟಿದೆ ಎಂಬುದನ್ನೂ ಹಳೆಯ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರ ವಾಟ್ಸ್ಆ್ಯಪ್‌ಗೆ ಕಳಿಸಿಡಬೇಕು. ಸ್ಕ್ರೀನ್‌ಶಾಟ್ ಹಳೆಯ ಫೋನಿನಲ್ಲಿ ಮಾತ್ರ ಉಳಿದರೆ ಬೇಕಾದ ಹೊತ್ತಿಗೆ ಅದು ಕೈಯಲ್ಲಿರುವುದಿಲ್ಲ.

ಆನಂತರ ಹೊಸ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾವನ ಗೂಗಲ್ ಖಾತೆಯನ್ನು ಸೇರಿಸಲು ಹೋದಾಗ ಎರಡನೆಯ ತೊಡಕು ಎದುರಾಯಿತು. ಪಾಸ್‌ವರ್ಡ್ ಸರಿಯಾಗಿ ಹಾಕಿದರೂ, ಒಳಬರುತ್ತಿರುವುದು ನೀವೇನಾ ಎಂದು ಗೂಗಲ್ ಕೇಳುವ ದೃಢೀಕರಣ ಹಳೆಯ ಫೋನಿಗೇ ಹೋಗುತ್ತಿತ್ತು. ಹಳೆಯ ಫೋನು ನೆಟ್‌ಗೆ ಸೇರಿ ಪಕ್ಕದಲ್ಲೇ ಇದ್ದುದರಿಂದ "Yes" ಒತ್ತಿ ಮುಗಿಸಿದೆವು. ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರೆ ಆಟಕ್ಕಿಂತ ಮೊದಲು ಖಾತೆಯೇ ಸಿಗುತ್ತಿರಲಿಲ್ಲ.

ಖಾತೆ ಸೇರಿಸಿದ ಮಾತ್ರಕ್ಕೆ ಆಟ ಅದನ್ನು ಬಳಸತೊಡಗುವುದಿಲ್ಲ. ಯಾವ ಆಟಕ್ಕೆ ಯಾವ ಖಾತೆ ಎಂಬುದನ್ನು ಪ್ಲೇ ಗೇಮ್ಸ್ ಪ್ರತ್ಯೇಕವಾಗಿ ನೆನಪಿಟ್ಟುಕೊಂಡು ಪ್ರತಿ ಸಲ ತಾನಾಗಿಯೇ ಅದರಲ್ಲಿ ಒಳಹೋಗುತ್ತದೆ. ಆದ್ದರಿಂದ ಪ್ಲೇ ಗೇಮ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಆಟಗಳ ಖಾತೆ ಬದಲಾಯಿಸುವ ಜಾಗಕ್ಕೆ ಹೋಗಿ, ಆ ಒಂದು ಆಟಕ್ಕೆ ಮಾತ್ರ ಭಾವನ ಖಾತೆಯನ್ನು ಆರಿಸಿ, ಆಟವನ್ನು "Force stop" ಮಾಡಿ ಮತ್ತೆ ತೆರೆದೆವು. ಅದೇ ಸೆಟ್ಟಿಂಗ್ಸ್‌ನಲ್ಲಿ ಪ್ಲೇ ಗೇಮ್ಸ್‌ನ ದತ್ತಾಂಶ ಅಳಿಸುವ ಆಯ್ಕೆಯೂ ಇದೆ. ಮೂರನೆಯ ಲೆವೆಲ್‌ನ ಕೋಟೆಯನ್ನು ತೊಡೆದುಹಾಕಲು ಅದನ್ನು ಒತ್ತೋಣವೇ ಎಂದು ಹುಡುಗ ಕೇಳಿದ. ಹೀಗೆ ಅಳಿಸುವಾಗ ಯಾವ ಖಾತೆ ಆರಿಸಿದೆ ಎಂಬುದರಲ್ಲಿ ತಪ್ಪಿದರೆ ಹಳೆಯದೇ ಹೋಗುತ್ತದೆ. ಅದರಿಂದ ಲಾಭವೂ ಏನಿಲ್ಲ, ಬೇಡದ ಕೋಟೆ ಅದರ ಪಾಡಿಗೆ ಬಿದ್ದಿರಲಿ.

ಎರಡು ಪ್ರಗತಿಗಳ ನಡುವೆ ಆರಿಸುವ ಪೆಟ್ಟಿಗೆ

ಆಟ ತೆರೆದಾಗ ಈ ಬಾರಿ ಬೇರೆ ಪೆಟ್ಟಿಗೆ ಮೂಡಿತು: ಈ ಖಾತೆಗೆ 11ನೆಯ ಲೆವೆಲ್‌ನ ಕೋಟೆ ಜೋಡಣೆಯಾಗಿದೆ, ಅದನ್ನು ತೆರೆದರೆ ಈಗಿನ 3ನೆಯ ಲೆವೆಲ್‌ನ ಕೋಟೆ ಈ ಫೋನಿನಿಂದ ಹೋಗುತ್ತದೆ, ಒಪ್ಪಿಗೆಯೇ? ನಷ್ಟವಾಗುವುದಿದ್ದರೆ ಇಲ್ಲೇ ಆಗುತ್ತದೆ. ಕೆಲವು ಆಟಗಳಲ್ಲಿ ಎರಡು ಗುಂಡಿಗಳ ಮೇಲೆ "Local" ಮತ್ತು "Cloud" ಎಂದಷ್ಟೇ ಇರುತ್ತದೆ. ಅವಸರದಲ್ಲಿ ಫೋನಿನದೇ ಸರಿಯಾದದ್ದೆಂದು "Local" ಒತ್ತಿದರೆ, ಹೊಸ ಫೋನಿನ 3ನೆಯ ಲೆವೆಲ್ ಮೇಲೇರಿ ಹಳೆಯದರ ಜಾಗದಲ್ಲಿ ಕೂರುತ್ತದೆ. ಗುಂಡಿಯ ಹೆಸರನ್ನು ನೋಡದೆ ಅದರ ಪಕ್ಕದಲ್ಲಿರುವ ಲೆವೆಲ್, ಜೆಮ್ಸ್, ಕೊನೆಯ ಬಾರಿ ಆಡಿದ ದಿನ ಇವುಗಳನ್ನು ಸ್ಕ್ರೀನ್‌ಶಾಟ್‌ನ ಜೊತೆ ಇಟ್ಟು ಓದಬೇಕು. ಅಂಕಿಗಳು ಹೊಂದದಿದ್ದರೆ ಅಥವಾ ಯಾವುದು ಯಾವುದೆಂದು ಅನುಮಾನವಾದರೆ ಏನನ್ನೂ ಒತ್ತದೆ, ಇತ್ತೀಚಿನ ಆ್ಯಪ್‌ಗಳ ಪಟ್ಟಿಗೆ ಹೋಗಿ ಆಟವನ್ನು ಸರಿಸಿ ಮುಚ್ಚಿಬಿಡಬಹುದು. ಉತ್ತರ ಸಿಗದಿದ್ದರೆ ಮುಂದಿನ ಸಲ ತೆರೆದಾಗ ಆಟ ಸಾಮಾನ್ಯವಾಗಿ ಅದನ್ನೇ ಮತ್ತೆ ಕೇಳುತ್ತದೆ.

ಪ್ಲೇ ಗೇಮ್ಸ್‌ನ ಕ್ಲೌಡ್ ಸೇವ್ ಬಳಸುವ, ಒಬ್ಬರೇ ಆಡುವ ಆಟಗಳಲ್ಲಿ ಇನ್ನೊಂದು ಅಪಾಯವಿದೆ. ಎರಡು ಪ್ರತಿಗಳು ಎದುರಾದಾಗ ಯಾವುದನ್ನು ಉಳಿಸಬೇಕೆಂಬ ನಿಯಮವನ್ನು ಆಟ ತಯಾರಿಸಿದವರೇ ಆರಿಸಿಕೊಳ್ಳುತ್ತಾರೆ. ಹೆಚ್ಚು ಹೊತ್ತು ಆಡಿದ ಪ್ರತಿ ಉಳಿಯಲಿ ಎಂದು ಆರಿಸಿದ್ದರೆ ಚಿಂತೆಯಿಲ್ಲ. ತೀರಾ ಈಚೆಗೆ ಬದಲಾದದ್ದು ಉಳಿಯಲಿ ಎಂದಿದ್ದರೆ, ಹೊಸ ಫೋನಿನಲ್ಲಿ ಐದು ನಿಮಿಷ ಆಡಿದ ಆರಂಭದ ಪಾಠವೇ ಗೆದ್ದು, ಯಾವ ಪೆಟ್ಟಿಗೆಯೂ ಮೂಡದೆ ಹಳೆಯ ಪ್ರಗತಿ ಮುಚ್ಚಿಹೋಗುತ್ತದೆ. ಕಾರಣ ತಿಳಿಯುವವರೆಗೆ ಹೊಸ ಫೋನಿನಲ್ಲಿ ಆಡಬಾರದೆಂದು ಮೊದಲೇ ಹೇಳಿದ್ದು ಇದರಿಂದಾಗಿ. ಹಾಗೆ ಆಗಿಬಿಟ್ಟಿದ್ದರೂ ಹಳೆಯ ಫೋನಿನೊಳಗೆ ಒಂದು ಪ್ರತಿ ಉಳಿದಿರುವ ಸಾಧ್ಯತೆ ಇದೆ. ಆಗ ಹಳೆಯ ಫೋನನ್ನು ನೆಟ್ ಇಲ್ಲದೆಯೇ ಆನ್ ಮಾಡಿ, ಆಟವನ್ನು ತೆರೆದು, ಒಂದು ಆಟ ಆಡಿ ಅಲ್ಲಿನ ಪ್ರತಿಯನ್ನು ಹೊಸದಾಗಿಸಿ, ಆಮೇಲೆ ನೆಟ್ ಕೊಟ್ಟರೆ ಅದೇ ನಿಯಮ ಈಗ ನಮ್ಮ ಪರವಾಗಿ ಕೆಲಸ ಮಾಡಬಹುದು. ಎಕ್ಸ್‌ಚೇಂಜ್ ಬೇಡವೆಂದದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಪ್ರಸಂಗದಲ್ಲಿ ಪೆಟ್ಟಿಗೆಯಲ್ಲಿದ್ದ ಲೆವೆಲ್ ಸರಿಹೊಂದಿದ್ದರಿಂದ ಒಪ್ಪಿಗೆ ಕೊಟ್ಟೆವು. ಆಟ ಖಚಿತಪಡಿಸಿಕೊಳ್ಳಲು "CONFIRM" ಎಂದು ಬೆರಳಚ್ಚು ಮಾಡಿಸಿಕೊಂಡಿತು. ಕೋಟೆ ಬಂತು, 2,340 ಜೆಮ್ಸ್ ಬಂತು, "Player ID" ಅಂಕಿಯೂ ಸ್ಕ್ರೀನ್‌ಶಾಟ್‌ನಲ್ಲಿದ್ದುದೇ ಆಗಿತ್ತು.

ಪ್ರಗತಿ ಬಂದು, ಕೊಂಡ ವಸ್ತು ಬಾರದಿದ್ದರೆ

ಕೋಟೆ ಬಂದ ಮೇಲೂ ಜಾಹೀರಾತು ಬರತೊಡಗಿತು. ಹಳೆಯ ಫೋನಿನಲ್ಲಿ ಹಣ ಕೊಟ್ಟು ಜಾಹೀರಾತು ನಿಲ್ಲಿಸಿದ್ದರು. ಇದು ಮೂರನೆಯ ತೊಡಕು, ಮತ್ತು ಇದಕ್ಕೂ ಆಟದ ಲಿಂಕ್‌ಗೂ ಸಂಬಂಧವಿಲ್ಲ. ಖರೀದಿ ಎರಡು ಬಗೆ. ಜೆಮ್ಸ್, ನಾಣ್ಯಗಳಂತೆ ಬಳಸಿ ಮುಗಿಸುವಂಥವು ಕೊಂಡ ಗಳಿಗೆಯಲ್ಲೇ ಆಟದ ಲೆಕ್ಕಕ್ಕೆ ಸೇರಿಬಿಡುತ್ತವೆ. ಪ್ರಗತಿಯ ಜೊತೆಗೆ ಬಂದರೆ ಬಂತು, ಪ್ಲೇ ಸ್ಟೋರ್ ಅವನ್ನು ಎರಡನೆಯ ಬಾರಿ ಕೊಡುವುದಿಲ್ಲ. ಜಾಹೀರಾತು ತೆಗೆಯುವುದು, ಪೂರ್ತಿ ಆವೃತ್ತಿ ತೆರೆಯುವುದು ಮೊದಲಾದ ಶಾಶ್ವತ ಖರೀದಿಗಳು ಮಾತ್ರ ಹಣ ಕೊಟ್ಟ ಪ್ಲೇ ಸ್ಟೋರ್ ಖಾತೆಯ ಹೆಸರಿನಲ್ಲಿ ನಿಲ್ಲುತ್ತವೆ, ಮತ್ತು "Restore purchases" ಒತ್ತಿದಾಗ ಮರಳುವುದು ಇವು.

ಒತ್ತಿದರೂ ಏನೂ ಬರಲಿಲ್ಲ. ಹೊಸ ಫೋನಿನಲ್ಲಿ ಆಟವನ್ನು ಡೌನ್‌ಲೋಡ್ ಮಾಡಿದ್ದು ಹುಡುಗನ ಖಾತೆಯಿಂದ, ಖರೀದಿ ಇದ್ದುದು ಅಪ್ಪನ ಖಾತೆಯಲ್ಲಿ. ಒಂದಕ್ಕಿಂತ ಹೆಚ್ಚು ಖಾತೆ ಇರುವ ಫೋನಿನಲ್ಲಿ ಖರೀದಿಯ ಲೆಕ್ಕ ನೋಡುವುದು ಸಾಮಾನ್ಯವಾಗಿ ಆಟವನ್ನು ಇಳಿಸಿಕೊಂಡ ಖಾತೆಯದು. ಕೋಟೆ ಸರ್ವರ್‌ನಲ್ಲಿ ಸರಿಯಾಗಿ ಲಿಂಕ್ ಆಗಿರುವುದು ಖಾತ್ರಿಯಾಗಿದ್ದರಿಂದ, ಪ್ಲೇ ಸ್ಟೋರ್‌ನಲ್ಲಿ ಮೂಲೆಯ ಚಿತ್ರ ಒತ್ತಿ ಭಾವನ ಖಾತೆಗೆ ಬದಲಾಯಿಸಿ, ಹೊಸ ಫೋನಿನ ಆಟವನ್ನು ಅನ್‌ಇನ್‌ಸ್ಟಾಲ್ ಮಾಡಿ ಆ ಖಾತೆಯಿಂದಲೇ ಮತ್ತೆ ಇಳಿಸಿದೆವು. ಕೋಟೆ ಹಾಗೇ ತೆರೆಯಿತು, ಜಾಹೀರಾತು ನಿಂತಿತು. ಲಿಂಕ್ ಖಾತ್ರಿಯಾಗದೆ ಈ ಹೆಜ್ಜೆಯನ್ನು ಎಂದೂ ಮಾಡಬಾರದು. ಫೋನಿನಲ್ಲೇ ಪ್ರಗತಿ ಇಡುವ ಆಟಗಳಿಗೆ ಇದು ಹೊಂದುವುದೇ ಇಲ್ಲ.

ಐಫೋನಿಗೆ ಹೋಗುವವರಿಗೆ ಇವುಗಳಲ್ಲಿ ಹೆಚ್ಚಿನದು ಅನ್ವಯಿಸುವುದಿಲ್ಲ. ಪ್ಲೇ ಗೇಮ್ಸ್‌ನಲ್ಲಿಟ್ಟ ಸೇವ್ ಅಲ್ಲಿಗೆ ದಾಟುವುದಿಲ್ಲ, ಆ್ಯಪಲ್‌ನ ಗೇಮ್ ಸೆಂಟರ್‌ನಲ್ಲಿಟ್ಟದ್ದು ಇಲ್ಲಿಗೆ ಬರುವುದಿಲ್ಲ. ಎರಡೂ ಕಡೆ ನಡೆಯುವ ಆಟದ ಕಂಪನಿಯ ಸ್ವಂತ ಖಾತೆ ಅಥವಾ ಅಂಥ ಬೇರೊಂದು ಲಾಗಿನ್ ಇದ್ದರೆ ಅದನ್ನು ಆಂಡ್ರಾಯ್ಡ್‌ನಲ್ಲೇ ಮೊದಲು ಲಿಂಕ್ ಮಾಡಿ ಹೋಗಬೇಕು. ಒಂದು ಸ್ಟೋರ್‌ನಲ್ಲಿ ಕೊಂಡ ಶಾಶ್ವತ ಖರೀದಿಯನ್ನು ಇನ್ನೊಂದು ಸ್ಟೋರ್ "Restore" ಮಾಡುವುದಿಲ್ಲ.

ಹಳೆಯ ಫೋನೇ ಇಲ್ಲದಿದ್ದರೆ

ಆಗ ಉಳಿಯುವ ದಾರಿ ಆಟದ ಸಹಾಯ ವಿಭಾಗ. ಹೊಸ ಫೋನಿನ ಬೇಡದ ಖಾತೆಯಿಂದಲೇ ಆಟದೊಳಗಿನ "Help" ಪುಟಕ್ಕೆ ಹೋಗಿ ಬರೆಯಬೇಕು. ಅವರಿಗೆ ಬೇಕಿರುವುದು ಖಾತೆ ನಿಮ್ಮದೆಂಬುದಕ್ಕೆ ಆಧಾರ: "Player ID", ಅದು ಇಲ್ಲದಿದ್ದರೆ ಆಟದೊಳಗಿನ ಹೆಸರು ಮತ್ತು ತಂಡದ ಹೆಸರು, ಹಳೆಯ ಫೋನಿನ ಮಾದರಿ, ಕೊನೆಯ ಬಾರಿ ಆಡಿದ ದಿನ. ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಖರೀದಿಯ ರಸೀದಿ. ಗೂಗಲ್ ಪ್ಲೇ ಕಳಿಸುವ ಮಿಂಚಂಚೆಯಲ್ಲಿ GPA ಎಂದು ಶುರುವಾಗುವ ಆರ್ಡರ್ ನಂಬರ್ ಇರುತ್ತದೆ, ಅದನ್ನು ಹಾಗೇ ನಕಲು ಮಾಡಿ ಕೊಡಬೇಕು. ಒಂದೇ ತಂಡದಲ್ಲಿ ಆಡುವ ಗೆಳೆಯನ ಫೋನಿನಲ್ಲಿ ನಿಮ್ಮ ಪರಿಚಯ ಪುಟ ತೆರೆದರೆ "Player ID" ಸಿಗುವುದೂ ಉಂಟು. ಒಂದೂ ಖರೀದಿಯಿಲ್ಲದ ಗೆಸ್ಟ್ ಖಾತೆಯನ್ನು ಮರಳಿಸುವುದು ಕಷ್ಟ, ಆ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬಾರದು. ಖಾತೆ ಬಿಡಿಸಿಕೊಡುತ್ತೇವೆಂದು ಟೆಲಿಗ್ರಾಂನಲ್ಲಿ ಓಟಿಪಿ ಕೇಳುವವರಿಗೆ ಏನನ್ನೂ ಕೊಡಬಾರದು. ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಳೆಯ ಫೋನನ್ನು ಬಿಡುವ ಮೊದಲು

ಕೋಟೆ ಬಂದ ಮೇಲೆ ಅಕ್ಕನ ಮಗನ ಆಟವನ್ನು ಕಂಪನಿಯ ಸ್ವಂತ ಖಾತೆಗೂ ಲಿಂಕ್ ಮಾಡಿದೆವು. ಅದಕ್ಕೆ ಬೇಕಾದದ್ದು ಮಿಂಚಂಚೆ ಮಾತ್ರ, ಕೋಡ್ ಬರುತ್ತದೆ, ಅದನ್ನು ಹಾಕಿದರೆ ಆಯಿತು. ಇನ್ನು ಅವನು ಅಪ್ಪನ ಜಿಮೇಲ್ ಮೇಲೆ ಅವಲಂಬಿಸಬೇಕಿಲ್ಲ. ಅವನ ಪ್ಲೇ ಗೇಮ್ಸ್ ಖಾತೆಯನ್ನು ಇದಕ್ಕೆ ಜೋಡಿಸಲು ಆಗಲಿಲ್ಲ, ಏಕೆಂದರೆ ಅದು ಆಗಲೇ 3ನೆಯ ಲೆವೆಲ್‌ನ ಕೋಟೆಗೆ ಅಂಟಿಹೋಗಿತ್ತು, ಈ ಆಟದಲ್ಲಿ ಒಮ್ಮೆ ಮಾಡಿದ ಲಿಂಕ್ ಬಿಡಿಸುವ ಆಯ್ಕೆ ಇಲ್ಲ.

ಲಿಂಕ್ ನಿಜವಾಗಿ ನಿಂತಿದೆಯೇ ಎಂದು ನೋಡಲು ಹೊಸ ಫೋನಿನಲ್ಲಿ ಒಂದು ಪಂದ್ಯ ಆಡಿ, ಆಟ ಮುಚ್ಚಿ, ವೈಫೈ ಬದಲು ಮೊಬೈಲ್ ಡೇಟಾದಲ್ಲಿ ಮತ್ತೆ ತೆರೆದು, ಗೆದ್ದ ಬಹುಮಾನ ಲೆಕ್ಕದಲ್ಲಿದೆಯೇ ಎಂದು ನೋಡಬೇಕು. ಇದಾದ ಮೇಲೆ ಹಳೆಯ ಫೋನಿನಲ್ಲಿ ಆ ಆಟವನ್ನು ತೆರೆಯಬಾರದು, ಅದರಲ್ಲೂ ಕ್ಲೌಡ್ ಸೇವ್ ಆಟವಾದರೆ ಅಲ್ಲಿ ಉಳಿದ ಹಿಂದಿನ ಪ್ರತಿ ನೆಟ್ ಸಿಕ್ಕ ಕೂಡಲೇ ಮೇಲೇರಿ ಹೊಸದರ ಜೊತೆ ಮತ್ತೆ ಜಗಳಕ್ಕೆ ನಿಲ್ಲುತ್ತದೆ. ಆಟದೊಳಗಿನ "Delete account" ಒತ್ತಿ ಹಳೆಯ ಫೋನನ್ನು ಚೊಕ್ಕ ಮಾಡಲು ಹೋಗುವವರೂ ಇದ್ದಾರೆ; ಆ ಗುಂಡಿ ಅಳಿಸುವುದು ಫೋನಿನ ಪ್ರತಿಯನ್ನಲ್ಲ, ಸರ್ವರ್‌ನ ಖಾತೆಯನ್ನೇ. ಆಟವನ್ನು ಸುಮ್ಮನೆ ಅನ್‌ಇನ್‌ಸ್ಟಾಲ್ ಮಾಡಿ, ಗೂಗಲ್ ಖಾತೆಗಳನ್ನು ಸೆಟ್ಟಿಂಗ್ಸ್‌ನಿಂದ ತೆಗೆದು, ರೀಸೆಟ್ ಮಾಡಿದರೆ ಸಾಕು.